ಅಪ್‌ಡೇಟ್: ಆಡಿಟರ್ ಕೇಳಿದ್ದ ಒರಿಜಿನಲ್ ವೋಚರ್‌ಗಳು

ನಾನು ಕೇಳಿದ್ದು: "ಸ್ಕ್ಯಾನ್ ಓದೋಕಾಗ್ತಿಲ್ಲ, 14 ವೋಚರ್‌ಗಳ ಒರಿಜಿನಲ್ ಕೊಡಿ ಅಂತ ಆಡಿಟರ್ ಈಮೇಲ್ ಮಾಡಿದ್ದಾರೆ. ಮತ್ತೆ ಸ್ಕ್ಯಾನ್ ಮಾಡಿದರೆ ಸಾಲದಾ?"

ಸಾಲಲಿಲ್ಲ. ಫೈಲ್ ತೆಗೆದು ನೋಡಿದೆ. 9 ವೋಚರ್ ಚೆನ್ನಾಗಿಯೇ ಇದ್ದವು, ನಾವು ಮೊಬೈಲಲ್ಲಿ ಅವಸರದಲ್ಲಿ ಫೋಟೋ ಹೊಡೆದಿದ್ದೇ ತಪ್ಪು. ಉಳಿದ 5 ಪೆಟ್ರೋಲ್ ಬಂಕಿನ ಬಿಲ್‌ಗಳು. ಥರ್ಮಲ್ ಪೇಪರ್ ಅಲ್ವಾ, ಸೆಲ್ಲೋಟೇಪ್ ಅಂಟಿಸಿದ ಕಡೆಯೇ ಅಕ್ಷರ ಪೂರ್ತಿ ಅಳಿಸಿಹೋಗಿ ಬರೀ ಬಿಳಿ ಪಟ್ಟಿ ಉಳಿದಿತ್ತು.

ಅದನ್ನು ಮುಚ್ಚಿಡದೆ ಆಡಿಟರ್‌ಗೆ ಹೇಳಿದೆ. 3 ಬಿಲ್ ಕಾರ್ಡಲ್ಲಿ ಕಟ್ಟಿದ್ದರಿಂದ ಬ್ಯಾಂಕ್ ಸ್ಟೇಟ್‌ಮೆಂಟ್, ಗಾಡಿಯ ಲಾಗ್‌ಬುಕ್ ತಾಳೆ ನೋಡಿ ಒಪ್ಪಿದರು. ನಗದು ಕೊಟ್ಟ 2ಕ್ಕೆ ಬಂಕಿನಿಂದ ಡೂಪ್ಲಿಕೇಟ್ ತರಬೇಕಿದೆ. ಒರಿಜಿನಲ್‌ಗಳನ್ನು ವೋಚರ್ ನಂಬರ್, ಮೊತ್ತ ಬರೆದ ಪಟ್ಟಿ ಸಮೇತ ಕೊಟ್ಟು, ಪಟ್ಟಿಯ ಪ್ರತಿಗೆ ಅವರ ಸಹಿ ತಗೊಂಡೆ. ಈಗ ಥರ್ಮಲ್ ಬಿಲ್ ಬಂದ ದಿನವೇ ಜೆರಾಕ್ಸ್ ಮಾಡಿ, ಎರಡನ್ನೂ ಪಿನ್ ಹೊಡೆದು ಇಡುತ್ತಿದ್ದೇವೆ.