10 ಸ್ಥಾನ, ಮೂರು ಘಟಕ: ಕೊನೇ ಸ್ಥಾನ ಯಾರಿಗೆ?

ಕೇಳಿದವರು: ನಮ್ಮ ಒಕ್ಕೂಟದ ಮೂರು ಘಟಕಗಳಲ್ಲಿ 600, 600, 200 ಸದಸ್ಯರಿದ್ದಾರೆ. ಸಮಿತಿಯ 10 ಸ್ಥಾನಗಳನ್ನು ಗರಿಷ್ಠ ಶೇಷ ಪದ್ಧತಿಯಲ್ಲಿ, ಅಂದರೆ ಪೂರ್ಣ ಪಾಲು ಕೊಟ್ಟು ಮಿಕ್ಕ ಸ್ಥಾನವನ್ನು ಹೆಚ್ಚು ಶೇಷ ಉಳಿದವರಿಗೆ ಕೊಟ್ಟು, ಹಂಚೋಣ ಅಂತಿದ್ದೇವೆ. ಬಳಸಿದವರು ಅನುಭವ ಹೇಳಿ.

ಕೂಡುಕಳೆ: ಅಷ್ಟೆಲ್ಲ ಯಾಕೆ? ರೌಂಡ್ ಮಾಡಿ ಮುಗಿಸಿ. ನನ್ನ ವರದಿಗಳಲ್ಲಿ ಶೇಕಡಾವಾರು ಕೂಡಿದಾಗ 99 ಬಂದರೆ ಕೊನೇ ಸಾಲಿಗೆ ಒಂದು ಸೇರಿಸ್ತೀನಿ. ಇವತ್ತಿನವರೆಗೆ ಯಾರೂ ಕೇಳಿಲ್ಲ.

ಹಳೇ ಕಾರ್ಯದರ್ಶಿ: ಕೊನೇ ಸಾಲಿನಲ್ಲಿ ಕೂತಿರೋದು ಒಂದು ಘಟಕ ಸ್ವಾಮಿ, ಅದಕ್ಕೆ ಬಾಯಿದೆ. ರೌಂಡ್ ಮಾಡಿದರೆ ಇಲ್ಲಿ 4, 4, 1 ಬಂದು ಒಂಬತ್ತಕ್ಕೇ ನಿಲ್ಲುತ್ತೆ. ನಾವು ವರ್ಷಗಳಿಂದ ಶೇಷ ನೋಡಿಯೇ ಹಂಚುತ್ತಿದ್ದೇವೆ. ಸ್ಥಾನಕ್ಕೆ 140 ಜನರಂತೆ ತೆಗೆದರೆ ದೊಡ್ಡವೆರಡರಲ್ಲಿ ತಲಾ 40 ಮಿಗುತ್ತಾರೆ, ಚಿಕ್ಕದರಲ್ಲಿ 60. ಹತ್ತನೆಯದು ಚಿಕ್ಕ ಘಟಕಕ್ಕೆ. ಸಭೆಯಲ್ಲಿ ಯಾರು ಬೇಕಾದರೂ ಕೈಲೆಕ್ಕದಲ್ಲೇ ತಾಳೆ ನೋಡಬಹುದು. ರೌಂಡ್ ಮಾಡಿದಾಗ ಒಟ್ಟು ಸರಿಹೋಗುವಂಥ ಭಾಜಕ ಹುಡುಕುವ ಪದ್ಧತಿ ತಂದಾಗ ನಮ್ಮಲ್ಲಿ ಅರ್ಧ ಸಭೆ ಎದ್ದು ನಿಂತಿತ್ತು.

ಸಣ್ಣ ಘಟಕ: ಇದೇ ಮಾತಿಗೆ ತಲೆಯಾಡಿಸಿ ಸ್ಥಾನ ಕಳಕೊಂಡವರು ನಾವು. ಸಮಿತಿಗೆ ಒಂದು ಸ್ಥಾನ ಹೆಚ್ಚಿಸಿದರು, ನಮ್ಮದು ಒಂದು ಕಡಿಮೆಯಾಯಿತು! ಎರಡನೇ ಪ್ರತಿನಿಧಿ ಹೋದ ಮೇಲೆ ಹಣಕಾಸು ಉಪಸಮಿತಿಯೂ ಕೈತಪ್ಪಿತು. ಮೇಲಿನ ಲೆಕ್ಕವನ್ನೇ 11ಕ್ಕೆ ಮಾಡಿ ನೋಡಿ. ಸ್ಥಾನಕ್ಕೆ ಸುಮಾರು 127 ಜನ. ಈಗ ಮಿಗುವವರು ದೊಡ್ಡವೆರಡರಲ್ಲಿ ತಲಾ 91, ಚಿಕ್ಕದರಲ್ಲಿ 73. ಉಳಿದ ಎರಡೂ ದೊಡ್ಡವರಿಗೇ, 5, 5, 1. ಅಮೆರಿಕದಲ್ಲಿ 1880ರ ಜನಗಣತಿಯ ಮೇಲೆ ಇದೇ ಪದ್ಧತಿಯಲ್ಲಿ ಲೆಕ್ಕ ಹಾಕಿದಾಗ ಪ್ರತಿನಿಧಿ ಸದನದಲ್ಲಿ 299 ಸ್ಥಾನ ಇದ್ದರೆ ಅಲಬಾಮಾ ರಾಜ್ಯಕ್ಕೆ 8, 300 ಆದರೆ 7 ಬಂದಿತ್ತು.

ಹಳೇ ಕಾರ್ಯದರ್ಶಿ: ಒಟ್ಟು ಸ್ಥಾನ ಎಷ್ಟು ಅಂತ ಬೈಲಾದಲ್ಲಿ ಗಟ್ಟಿ ಮಾಡಿಕೊಳ್ಳದೆ ಪದ್ಧತಿಯನ್ನು ಬೈದರೆ ಏನು ಬಂತು?

ಸಣ್ಣ ಘಟಕ: ಬೈಲಾ ಬರೆದವರು ನಿಮ್ಮಂಥ ದೊಡ್ಡ ಘಟಕದವರೇ. ಸ್ಥಾನ ಗಟ್ಟಿ ಮಾಡಿದರೂ ಸದಸ್ಯರ ಸಂಖ್ಯೆ ಏರಿಳಿಯೋದು ನಿಲ್ಲುತ್ತಾ? ಹೆಚ್ಚು ವೇಗವಾಗಿ ಬೆಳೆದ ಘಟಕವೇ ನಿಧಾನವಾಗಿ ಬೆಳೆದದ್ದಕ್ಕೆ ಸ್ಥಾನ ಬಿಟ್ಟುಕೊಡುವುದೂ ಈ ಪದ್ಧತಿಯಲ್ಲಿ ಸಾಧ್ಯ.

ಪಟ್ಟಿಗಾರ: ಇಬ್ಬರೂ ಒಟ್ಟು ಸದಸ್ಯರನ್ನು ಒಟ್ಟು ಸ್ಥಾನದಿಂದ ಭಾಗಿಸಿಕೊಂಡೇ ಜಗಳ ಆಡ್ತಿದ್ದೀರಿ. ಅದು ಹೇರ್ ಕೋಟಾ. ನಮ್ಮಲ್ಲಿ ಡ್ರೂಪ್, ಅಂದರೆ 1400ನ್ನು ಸ್ಥಾನಕ್ಕಿಂತ ಒಂದು ಹೆಚ್ಚು, 11ರಿಂದ ಭಾಗಿಸಿ ಮೇಲಿನ ಪೂರ್ಣಾಂಕ, 128. ಆಗ ಶೇಷ 88, 88, 72. ಹತ್ತನೇ ಸ್ಥಾನ ಚಿಕ್ಕದಕ್ಕೆ ಸಿಗಲ್ಲ, ದೊಡ್ಡವೆರಡರ ನಡುವೆ ಚೀಟಿ ಎತ್ತಬೇಕು. ನಮ್ಮಲ್ಲಿ ಚೀಟಿ ಎತ್ತಿದವರು ಗೆದ್ದ ಘಟಕದವರೇ ಅಂತ ಸೋತ ಘಟಕದವರು ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಕೂಡುಕಳೆ: ಅದಕ್ಕೇ ಹೇಳಿದ್ದು, ಕೊನೇ ಸಾಲಿಗೆ ಒಂದು ಸೇರಿಸಿ.

ಹಳೇ ಕಾರ್ಯದರ್ಶಿ: ನೀವು ದಯವಿಟ್ಟು ನಿಮ್ಮ ವರದಿ ನೋಡಿಕೊಳ್ಳಿ.

ಕೇಳಿದವರು: ನಮ್ಮ ಬೈಲಾ ತೆಗೆದು ನೋಡಿದೆ. "ಸ್ಥಾನಗಳು 10ಕ್ಕೆ ಕಡಿಮೆ ಇರತಕ್ಕದ್ದಲ್ಲ" ಅಂತಿದೆ. ಕೋಟಾ ಯಾವುದು ಅಂತ ಎಲ್ಲೂ ಬರೆದಿಲ್ಲ.