ಪದಚರ್ಚೆ: ‘ಪಿಚ್ ಕಾಂಟೂರ್’ ಅಂದರೆ ಶ್ರುತಿಯೋ, ಏರಿಳಿತವೋ? (ಜೊತೆಗೆ ಗುನುಗು/ಗೊಣಗು)

ಸುಮಾ:
ಎಲ್ಲರಿಗೂ ನಮಸ್ಕಾರ. ಹಾಡಿನ ಹೆಸರೂ ನೆನಪಿಲ್ಲ, ಸಾಹಿತ್ಯವೂ ನೆನಪಿಲ್ಲ, ಬರೀ ಮಟ್ಟು ತಲೆಯಲ್ಲಿದೆ. ಅದನ್ನೇ ಗುನುಗಿ ಹಾಡು ಹುಡುಕುವ ವಿಧಾನದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ‘ಗುನುಗು’ ಅಂತ ಬರೆದರೆ ನಮ್ಮತ್ತೆ ಓದಿ, “ಗೊಣಗಿದ್ರೆ ಹಾಡು ಸಿಗತ್ತಾ?” ಅಂದರು. ಅದು ಹೋಗಲಿ, ಮಟ್ಟು ಏರಿ ಇಳಿಯುವ ಗೆರೆಗೆ, ಅಂದರೆ ‘ಪಿಚ್ ಕಾಂಟೂರ್’ಗೆ, ‘ಶ್ರುತಿ ರೇಖೆ’ ಅಂತ ಹಾಕಿದ್ದೇನೆ. ಯಾಕೋ ಸರಿ ಅನ್ನಿಸುತ್ತಿಲ್ಲ.

ನಾಗರಾಜ:
ನಾನು ಭೂಗೋಳ ಪಾಠ ಮಾಡಿದವನು. ಕಾಂಟೂರ್‌ಗೆ ‘ಸಮೋನ್ನತಿ ರೇಖೆ’ ಎಂಬ ಪದ ಇದ್ದೇ ಇದೆ. ಪಿಚ್ ಅಂದರೆ ಶ್ರುತಿ. ಎರಡನ್ನೂ ಸೇರಿಸಿದರೆ ಮುಗಿಯಿತು, ಹೊಸದೇಕೆ?

ವಸಂತಾ:
ನಾಗರಾಜ ಸರ್, ನಕ್ಷೆಯ ರೇಖೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುತ್ತದೆ. ಇಲ್ಲಿ ಬೇಕಾಗಿರುವುದು ಅದರ ಉಲ್ಟಾ: ಎತ್ತರ ಹೇಗೆ ಬದಲಾಯಿತು ಅನ್ನುವುದು. ಗುಡ್ಡ ಹತ್ತಿ ಇಳಿದವನ ದಾರಿಯನ್ನು ಪಕ್ಕದಿಂದ ನೋಡಿದ ಹಾಗೆ.

‘ಶ್ರುತಿ’ಯ ತೊಂದರೆ ಇನ್ನೂ ದೊಡ್ಡದು. ನಮ್ಮ ಸಂಗೀತದಲ್ಲಿ ಶ್ರುತಿ ಅಂದರೆ ತಂಬೂರಿ ಹಿಡಿದಿಡುವ ಆಧಾರ. ಈ ಹುಡುಕಾಟದಲ್ಲಿ ಮೊದಲು ಬಿಸಾಡುವುದೇ ಅದನ್ನು! ನಾನು ಇಂಥ ತಂತ್ರಾಂಶದ ಜೊತೆ ಕೆಲಸ ಮಾಡಿದ್ದೇನೆ, ಅದಕ್ಕೇ ಇಷ್ಟು ಹಟ. ಒಬ್ಬ ಗಂಡಸು ಸ ಅನ್ನು 130 ಹರ್ಟ್ಸ್‌ನಲ್ಲಿ ಹಿಡಿದು ಪ ಹಾಡಿದರೆ 195 ಆಗುತ್ತದೆ. ನಾನು 220ರಲ್ಲಿ ಹಿಡಿದರೆ ಪ 330. ಅಂಕಿ ಬೇರೆ, ಆದರೆ ಎರಡೂ ಒಂದೂವರೆ ಪಟ್ಟು. ಯಂತ್ರ ನೋಡುವುದು ಈ ಜಿಗಿತವನ್ನು ಮಾತ್ರ.

ಎಷ್ಟು ಸೂಕ್ಷ್ಮವಾಗಿ ನೋಡಬೇಕು ಅನ್ನುವುದೇ ಕಷ್ಟದ ಪ್ರಶ್ನೆ. 1975ರಲ್ಲಿ ಡೆನಿಸ್ ಪಾರ್ಸನ್ಸ್ ಎಂಬುವರು ಮಟ್ಟುಗಳ ಒಂದು ಕೋಶವನ್ನೇ ಮಾಡಿದರು. ಹಿಂದಿನ ಸ್ವರಕ್ಕಿಂತ ಮೇಲೆ ಹೋದರೆ U, ಕೆಳಗೆ ಬಂದರೆ D, ಅದೇ ಸ್ವರವಾದರೆ R, ಇಷ್ಟೇ ಗುರುತು. 1995ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಗುನುಗಿ ಹುಡುಕುವ ವ್ಯವಸ್ಥೆ ಮಾಡಿದಾಗಲೂ ಇದೇ ಮೂರು ಬಗೆಯ ಗುರುತು, ಸಂಗ್ರಹದಲ್ಲಿ 183 ಹಾಡು. ಜಂಟಿ ವರಸೆಯ ‘ಸಸ ರಿರಿ ಗಗ ಮಮ’ವನ್ನು ಪಾರ್ಸನ್ಸ್ ಅಕ್ಷರಗಳಲ್ಲಿ ಬರೆದರೆ:

```
R U R U R U R
```

ಇದರ ಲಾಭ ಏನೆಂದರೆ, ಸ್ವಲ್ಪ ಅಪಸ್ವರ ಹಾಡಿದರೂ ಅಕ್ಷರ ಬದಲಾಗುವುದಿಲ್ಲ. ನಷ್ಟ ನೋಡಿ: ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಹಾಡಿ, ಶಂಕರಾಭರಣದಲ್ಲಿ ಹಾಡಿ, ಏರುವಾಗ ಎರಡಕ್ಕೂ ಏಳು U. ಹಾರ್ಮೋನಿಯಂ ಮನೆಗಳನ್ನು ಎಣಿಸಿದರೆ ಮಾತ್ರ ಬೇರೆಯಾಗುತ್ತವೆ. ಮೊದಲನೆಯದಕ್ಕೆ 1 3 1 2 1 3 1, ಎರಡನೆಯದಕ್ಕೆ 2 2 1 2 2 2 1. ಹಾಗಂತ ಮನೆ ಎಣಿಸಲು ಹೊರಟರೆ, ಅರ್ಧ ಮನೆ ಜಾರುವ ನಮ್ಮಂಥವರ ಕೊರಳು ಅಡ್ಡಿ.

ಗುರು:
ಇದೆಲ್ಲ ಸುಮ್ನೆ ಅಲ್ವಾ? ಮೊನ್ನೆ ಹೋಟೆಲಲ್ಲಿ ಹಾಡು ಬರ್ತಿತ್ತು. ಮಗ ಫೋನ್ ಎತ್ತಿ ಹಿಡಿದ, ಹೆಸರು ಬಂತು. ಅದೇ ಆ್ಯಪ್‌ಗೆ ನಾನು ಮನೇಲಿ ಹಾಡಿದರೆ ಏನೂ ಬರಲಿಲ್ಲ. ನನ್ನ ದನಿ ಅಷ್ಟು ಕೆಟ್ಟದಾ?

ವಸಂತಾ:
ಇಲ್ಲ ಗುರು ಅವರೇ, ದನಿಯ ತಪ್ಪಲ್ಲ. ಹೋಟೆಲಲ್ಲಿ ನಡೆದದ್ದು ಬೇರೆ ಕೆಲಸ. ಅಲ್ಲಿ ಅದೇ ಧ್ವನಿಮುದ್ರಣದ ಬೆರಳಚ್ಚು, ಅಂದರೆ ಅದಕ್ಕೊಂದಕ್ಕೇ ಇರುವ ಗುರುತು, ಹೋಲಿಸುತ್ತಾರೆ. ಅದೇ ಗಾಯಕಿ ಅದೇ ಹಾಡನ್ನು ವೇದಿಕೆಯಲ್ಲಿ ಹಾಡಿದರೂ ಆ ಬೆರಳಚ್ಚು ಹೊಂದುವುದು ಅನುಮಾನ. ಗುನುಗಿದ್ದಕ್ಕೆ ಮಟ್ಟನ್ನೇ ಹೋಲಿಸಬೇಕು. ನಾವು ನಿಧಾನವಾಗಿ ಗುನುಗಿದ್ದನ್ನು ಅಲ್ಲಲ್ಲಿ ಹಿಗ್ಗಿಸಿ ಕುಗ್ಗಿಸಿ ಹೊಂದಿಸಬೇಕು.

ಒಂದು ಕಿವಿಮಾತು: ‘ಮ್ಮ್‌ಮ್’ ಅನ್ನುವ ಬದಲು ‘ತ ತ ತ’ ಅಂದು ನೋಡಿ. ಸ್ವರವನ್ನು ಬಿಡಿಸಿ ಎಣಿಸುವ ಹಳೆಯ ಬಗೆಗಳಲ್ಲಿ ಎರಡು ಸ್ವರಗಳ ನಡುವಿನ ಗಡಿ ಯಂತ್ರಕ್ಕೆ ‘ತ’ದಿಂದಲೇ ತಿಳಿಯುತ್ತದೆ. ಇಲ್ಲದಿದ್ದರೆ ‘ಸಸ’ ಅದಕ್ಕೆ ಒಂದೇ ಉದ್ದ ಸ. ಮೇಲಿನ ಜಂಟಿಯ R ಎಲ್ಲ ಮಾಯ, ಉಳಿಯುವುದು ಬರೀ UUU.

ನಾಗರಾಜ:
ಸಮೋನ್ನತಿ ವಾಪಸ್ ತೆಗೆದುಕೊಂಡೆ. ಪಿಚ್‌ಗೆ ‘ಸ್ಥಾಯಿ’ ಅನ್ನಬಹುದಲ್ಲ?

ವಸಂತಾ:
ಅದನ್ನು ಉಳಿಸಿಕೊಳ್ಳೋಣ, ಬೇರೆ ಕಡೆ ಬೇಕು. 110 ಹರ್ಟ್ಸ್‌ನ ದನಿಯನ್ನು ಯಂತ್ರ 220 ಅಂತ ಓದಿಬಿಡುತ್ತದೆ, ಮಂದ್ರ ಮಧ್ಯವಾಗುತ್ತದೆ. ಗ್ರಾಫಿನಲ್ಲಿ ಗೆರೆ ಒಮ್ಮೆಲೇ 12 ಮನೆ ಮೇಲೆ ಹಾರಿ, ಅಷ್ಟೇ ಕೆಳಗೆ ಬಿದ್ದರೆ ಹಾಡಿದವರ ತಪ್ಪಲ್ಲ, ‘ಸ್ಥಾಯಿ ತಪ್ಪು’. ಕಾಂಟೂರ್‌ಗೆ ನನ್ನ ಓಟು ‘ಏರಿಳಿತ’ಕ್ಕೆ.

ಸುಮಾ:
ಥ್ಯಾಂಕ್ಸ್ ವಸಂತಕ್ಕ. ಆದರೆ ‘ದನಿಯ ಏರಿಳಿತ’ ಅಂದರೆ ಜೋರು, ಮೆಲ್ಲಗೆ ಅನ್ನುವ ಅರ್ಥವೂ ಬರುತ್ತದಲ್ಲ? ‘ಸ್ವರದ ಏರಿಳಿತ’ ಅನ್ನಲೇ?

ವಸಂತಾ:
ಸದ್ಯಕ್ಕೆ ಪರವಾಗಿಲ್ಲ. ಆದರೆ ಗಮಕದಲ್ಲಿ ರಿ ಇಂದ ಗ ಕ್ಕೆ ಜಾರುವಾಗ, ನಡುವೆ ಇರುವುದನ್ನು ಸ್ವರ ಅನ್ನೋದಾ? ಈಗ ಸ್ವರ ಬಿಡಿಸದೆ ಇಡೀ ಗೆರೆಯನ್ನೇ ಹೋಲಿಸುವ ಬಗೆಗಳೂ ಇವೆ. ಅವುಗಳಿಗೆ ‘ಸ್ವರದ’ ಅನ್ನುವುದು ಒಪ್ಪುವುದಿಲ್ಲ.

ಗುರು:
ನಮ್ಮ ಕಡೆ ಗುಣುಗುಣು ಅಂದ್ರೆ ಬಾಯೊಳಗೇ ಏನೋ ಮಾತಾಡೋದು. ಹಾಡೋದಲ್ಲ. ನಿಮ್ಮತ್ತೆ ಹೇಳಿದ್ದರಲ್ಲೂ ಅರ್ಥ ಇದೆ ಸುಮಾ ಅವರೇ. ಉಳಿದವರ ಊರಲ್ಲಿ ಏನಂತಾರೆ?