ಸಹಾಯ ಬೇಕು: ಫಾರ್ಸಿ ವಕಾಲತ್‌ನಾಮೆಯ ಕೊನೆಯ ಸಾಲನ್ನು ಇಂಗ್ಲಿಷಿಗೆ ಹೇಗೆ ತರಲಿ?

ನಮಸ್ಕಾರ. ಟೆಹ್ರಾನಿನ ನೋಟರಿ ಕಚೇರಿಯಲ್ಲಿ ಆದ ಒಂದು ವಕಾಲತ್‌ನಾಮೆಯನ್ನು ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದೇನೆ. ಅಣ್ಣ ತನ್ನ ಫ್ಲಾಟ್ ಮಾರಲು ತಂಗಿಗೆ ಅಧಿಕಾರ ಕೊಟ್ಟಿದ್ದಾನೆ. ನಮ್ಮ ಕೋರ್ಟಿನ ‘ವಕಾಲತ್ತು’ ಇದೇ ಪದ, ಆದರೆ ಇಲ್ಲಿ ‘ವಕೀಲ್’ ಅಂದರೆ ಲಾಯರ್ ಅಲ್ಲ, ತಂಗಿಯೇ. ಹಾಗಾಗಿ ಅಲ್ಲೆಲ್ಲ ‘ಅಟಾರ್ನಿ ಇನ್ ಫ್ಯಾಕ್ಟ್’ ಅಂತ ಹಾಕಿದ್ದೇನೆ. ‘ಹಕ್ಕೆ ತೌಕೀಲ್ ಬೆ ಗೈರ್’ ಅನ್ನುವುದಕ್ಕೆ, ಅಂದರೆ ಬೇರೆಯವರಿಗೆ ಅಧಿಕಾರ ವಹಿಸುವ ಹಕ್ಕಿಗೆ, ‘ರೈಟ್ ಆಫ್ ಸಬ್‌ಸ್ಟಿಟ್ಯೂಷನ್’ ಸರಿಹೋಯಿತು.

ಸಿಕ್ಕಿಬಿದ್ದಿರುವುದು ನೋಟರಿಯ ಕೊನೆಯ ಸಾಲಿನಲ್ಲಿ: ‘ಈನ್ ವಕಾಲತ್ ಫಕತ್ ದರ್ ನಫ್ಸೆ ವಕಾಲತ್ ಮೊಅಸ್ಸೆರ್ ಅಸ್ತ್’, ಅಂದರೆ ಈ ವಕಾಲತ್ತು ಬರೀ ವಕಾಲತ್ತಿನ ಮಟ್ಟಿಗೆ ಮಾತ್ರ ಪರಿಣಾಮಕಾರಿ ಅಂತ. ‘ನಫ್ಸ್’ ಅಂದರೆ ಆತ್ಮ ಅಂತಲೂ ಇದೆ, ಹಾಗೆ ಬರೆದರೆ ಅರ್ಥವೇ ಕೆಡುತ್ತದೆ. ಈ ಪತ್ರ ಅಧಿಕಾರ ಮಾತ್ರ ಕೊಡುತ್ತದೆ, ಫ್ಲಾಟ್ ತಂಗಿಯ ಹೆಸರಿಗೆ ಹೋಗುವುದಿಲ್ಲ ಅನ್ನುವುದು ಇದರ ಉದ್ದೇಶ. ‘ಎಫೆಕ್ಟಿವ್ ಸೋಲ್ಲಿ ಆ್ಯಸ್ ಎ ಪವರ್ ಆಫ್ ಅಟಾರ್ನಿ’ ಅಂತ ಬರೆದೆ. ಓದಿದವರಿಗೆ ಮಾಲೀಕತ್ವದ ವಿಷಯ ಹೊಳೆಯಲಿಲ್ಲ. ‘ಮಾಲೀಕತ್ವ ವರ್ಗಾವಣೆ ಆಗುವುದಿಲ್ಲ’ ಅಂತ ಸೇರಿಸಿದರೆ ಮೂಲದಲ್ಲಿ ಇಲ್ಲದ್ದನ್ನು ಬರೆದ ಹಾಗಾಗುತ್ತದೆ, ಅಲ್ವಾ?

ಕಾನೂನು ಪತ್ರಗಳನ್ನು ಅನುವಾದಿಸುವವರು ಹೇಳಿ: ಸಾಲನ್ನು ಹಾಗೇ ಬಿಟ್ಟು ಅನುವಾದಕರ ಟಿಪ್ಪಣಿ ಹಾಕಲೇ, ಅಥವಾ ಸಾಲಿನೊಳಗೇ ಬಿಡಿಸಿ ಬರೆಯಲೇ?